ಇಕಿಗೈ ಅಂದ್ರೆ ಸಂಬಳ ಬರುವ ಕೆಲಸವಲ್ಲ

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯಲ್ಲಿ ಅಕೌಂಟ್ಸ್ ಕೆಲಸ. ಆಫೀಸಿನ ತರಬೇತಿಯಲ್ಲಿ ‘ಇಕಿಗೈ’ ಅಂತ ನಾಲ್ಕು ವೃತ್ತ ಬರೆದ ಹಾಳೆ ಕೊಟ್ಟು ತುಂಬಿಸಿ ಅಂದ್ರು. ನಾಲ್ಕೂ ಸೇರೋ ನಡುವಿನ ಜಾಗದಲ್ಲಿ ಬರೆಯೋಕೆ ನನಗೆ ಏನೂ ಸಿಗಲಿಲ್ಲ. ಹಳೇ ರೇಡಿಯೋ ರಿಪೇರಿ ಮಾಡೋದು ಅಂದ್ರೆ ನನಗೆ ಪ್ರಾಣ, ಆದ್ರೆ ಅದ್ರಿಂದ ಕಾಸು ಹುಟ್ಟಲ್ಲ. ಹಾಗಾದ್ರೆ ನನಗೆ ಇಕಿಗೈ ಇಲ್ವಾ? ಕೆಲಸ ಬಿಟ್ಟು ರೇಡಿಯೋ ಅಂಗಡಿ ಹಾಕಬೇಕಾ?

ಉತ್ತರ: ನಿಮಗೆ ಇಕಿಗೈ ಇದೆ. ಆ ರೇಡಿಯೋಗಳ ಬಗ್ಗೆ ನೀವು ಬರೆದ ಒಂದು ಸಾಲೇ ಅದನ್ನು ಹೇಳುತ್ತಿದೆ. ನಿಮಗೆ ಕೊಟ್ಟ ಹಾಳೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಯಾಕೆಂದರೆ ಆ ಹಾಳೆ ಜಪಾನಿನದ್ದಲ್ಲ.

ಮೊದಲು ಅದರ ಕಥೆ ಹೇಳಿಬಿಡುತ್ತೇನೆ. ‘ನನಗೆ ಇಷ್ಟವಾದದ್ದು, ನನಗೆ ಚೆನ್ನಾಗಿ ಬರುವುದು, ಜಗತ್ತಿಗೆ ಬೇಕಾದದ್ದು, ನನಗೆ ದುಡ್ಡು ತರುವುದು’ ಎಂಬ ನಾಲ್ಕು ವೃತ್ತಗಳ ಚಿತ್ರವನ್ನು 2011ರ ಸುಮಾರಿಗೆ ಬರೆದವರು ಸ್ಪೇನಿನ ಜ್ಯೋತಿಷಿ ಆಂಡ್ರೆಸ್ ಸುಸುನಾಗ. ಅವರು ನಡುವಿನ ಜಾಗದಲ್ಲಿ ಬರೆದಿದ್ದ ಸ್ಪ್ಯಾನಿಷ್ ಪದಕ್ಕೆ ‘ಉದ್ದೇಶ’ ಎಂದರ್ಥ. ಇಕಿಗೈ ಅನ್ನೋ ಪದ ಅಲ್ಲಿ ಇರಲೇ ಇಲ್ಲ. ಇತ್ತ 2009ರಲ್ಲಿ ಅಮೆರಿಕದ ಲೇಖಕ ಡ್ಯಾನ್ ಬ್ಯೂಟ್ನರ್ ಒಂದು ಭಾಷಣದಲ್ಲಿ ಒಕಿನಾವಾ ದ್ವೀಪದ ನೂರು ದಾಟಿದ ಹಿರಿಯರ ಬಗ್ಗೆ ಹೇಳುತ್ತಾ ಇಕಿಗೈ ಎಂಬ ಪದವನ್ನು ಹೊರಗಿನವರಿಗೆ ಪರಿಚಯ ಮಾಡಿಸಿದ್ದರು. 2014ರಲ್ಲಿ ಬ್ರಿಟನ್ನಿನ ಮಾರ್ಕ್ ವಿನ್ ಎಂಬವರು ಈ ಎರಡನ್ನೂ ಒಂದು ಬರಹದಲ್ಲಿ ಸೇರಿಸಿದರು. ‘ಉದ್ದೇಶ’ ಇದ್ದ ಜಾಗದಲ್ಲಿ ‘ಇಕಿಗೈ’ ಎಂದು ಹಾಕಿದರು, ಅಷ್ಟೇ. ಒಂದು ಪದ ಬದಲಾದ ಆ ಚಿತ್ರವೇ ಊರೂರು ಸುತ್ತಿ ನಿಮ್ಮ ತರಬೇತಿಗೂ ಬಂದಿದೆ.

ವೃತ್ತಿ ಆರಿಸಿಕೊಳ್ಳುವವರಿಗೆ ಆ ಚಿತ್ರದಿಂದ ಒಂದಿಷ್ಟು ಉಪಯೋಗ ಇರಬಹುದು. ನನ್ನ ತಕರಾರು ಅದಕ್ಕೆ ಇಟ್ಟ ಹೆಸರಿನ ಬಗ್ಗೆ. ಹೆಸರು ತಪ್ಪಾದ್ದರಿಂದ, ನಿಮ್ಮಂಥವರು ‘ನನ್ನ ಬದುಕಲ್ಲೇ ಏನೋ ಕೊರತೆ ಇದೆ’ ಅಂದುಕೊಂಡು ಮನೆಗೆ ಹೋಗುತ್ತಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಈಗ ಪದಕ್ಕೆ ಬರೋಣ. ‘ಇಕಿ’ ಬಂದದ್ದು ‘ಇಕಿರು’ ಎಂಬ ಕ್ರಿಯಾಪದದಿಂದ. ಬದುಕು, ಜೀವಿಸು ಎಂದರ್ಥ. ‘ಗೈ’ ಅನ್ನುವುದು ‘ಕೈ’ ಎಂಬ ಪದದ ಇನ್ನೊಂದು ರೂಪ. ನಮ್ಮ ಕೈಗೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಬೆಟ್ಟ, ತಾವರೆ ಸೇರಿದಾಗ ‘ಬೆಟ್ಟದಾವರೆ’ ಆಗುವಂತೆ, ಜಪಾನಿ ಭಾಷೆಯಲ್ಲೂ ಎರಡು ಪದ ಕೂಡಿದಾಗ ಕ ಹೋಗಿ ಗ ಬರುವುದುಂಟು. ಈ ‘ಕೈ’ ಅಂದರೆ ಪಟ್ಟ ಶ್ರಮಕ್ಕೆ, ಮಾಡಿದ ಕೆಲಸಕ್ಕೆ ಸಿಕ್ಕ ಫಲ, ಬೆಲೆ. ನಾನು ಜಪಾನಿ ಭಾಷೆ ಕಲಿಸುವಾಗ ಇದನ್ನು ನಿಘಂಟಿನ ಅರ್ಥದಿಂದ ಶುರುಮಾಡುವುದಿಲ್ಲ, ಒಂದು ವಾಕ್ಯದಿಂದ ಶುರುಮಾಡುತ್ತೇನೆ. ಬೆಟ್ಟ ಹತ್ತಿ, ಸುಸ್ತಾಗಿ, ಕೊನೆಗೆ ಮೇಲಿಂದ ಒಳ್ಳೆ ನೋಟ ಸಿಕ್ಕಾಗ ಜಪಾನಿನವರು ‘ಕಿತಾ ಕೈ ಗಾ ಅತ್ತಾ’ ಅನ್ನುತ್ತಾರೆ. ಕನ್ನಡದಲ್ಲಿ ನಾವು ಏನಂತೀವಿ? ‘ಬಂದಿದ್ದಕ್ಕೂ ಸಾರ್ಥಕ ಆಯ್ತು’ ಅಂತೀವಿ, ಅಲ್ವಾ? ಆ ‘ಸಾರ್ಥಕ ಆಯ್ತು’ ಅನ್ನೋದೇ ‘ಕೈ’.

ಹಾಗಾಗಿ ಇಕಿಗೈ ಅಂದರೆ ‘ಬದುಕಿದ್ದಕ್ಕೂ ಸಾರ್ಥಕ’ ಅನ್ನಿಸುವಂಥದ್ದು. ಮೊಮ್ಮಗುವನ್ನು ಮೊದಲ ಸಲ ತೊಡೆ ಮೇಲೆ ಮಲಗಿಸಿಕೊಂಡ ಅಜ್ಜಿ ‘ಇಷ್ಟು ದಿನ ಬದುಕಿದ್ದಕ್ಕೂ ಸಾರ್ಥಕ ಆಯ್ತು ಕಣಪ್ಪ’ ಅಂದರೆ, ಅವಳು ಇಕಿಗೈ ಬಗ್ಗೆಯೇ ಮಾತಾಡುತ್ತಿದ್ದಾಳೆ. ಅವಳ ಮಾತಲ್ಲಿ ನೌಕರಿ ಎಲ್ಲಿದೆ? ಬ್ಯೂಟ್ನರ್ ಅವರ ಭಾಷಣದಲ್ಲೂ ಇಂಥವರೇ ಇದ್ದರು. ಮನೆಯವರಿಗಾಗಿ ವಾರಕ್ಕೆ ಮೂರು ಸಲ ಮೀನು ಹಿಡಿಯಲು ಹೋಗುವ ನೂರು ವರ್ಷದ ಮೀನುಗಾರ ಒಬ್ಬರು. ಮರಿಮೊಮ್ಮಗಳ ಮೊಮ್ಮಗಳನ್ನು ಎತ್ತಿಕೊಳ್ಳುವುದೇ ತನ್ನ ಇಕಿಗೈ ಎಂದ 102 ವರ್ಷದ ಅಜ್ಜಿ ಇನ್ನೊಬ್ಬರು. ಅವರ ಪಕ್ಕದಲ್ಲಿ ‘ದುಡ್ಡು ತರುವುದು’ ಎಂಬ ವೃತ್ತ ಇಟ್ಟು ನೋಡಿ. ಅಲ್ಲಿ ಅದಕ್ಕೆ ಏನೂ ಕೆಲಸವಿಲ್ಲ.

ಇದೇ ‘ಗೈ’ ಬೇರೆ ಕ್ರಿಯಾಪದಗಳಿಗೂ ಸೇರುತ್ತದೆ. ನಿಮ್ಮ ಗೊಂದಲ ಬಿಡಿಸುವ ಕೀಲಿ ಇಲ್ಲಿದೆ. ‘ಯಾರು’ ಅಂದರೆ ಮಾಡು. ‘ಯಾರಿಗೈ’ ಅಂದರೆ ಮಾಡಿದ್ದಕ್ಕೆ ಸಾರ್ಥಕ ಅನ್ನಿಸುವುದು. ‘ಹತರಕು’ ಅಂದರೆ ದುಡಿ. ‘ಹತರಕಿಗೈ’ ಅಂದರೆ ದುಡಿದದ್ದಕ್ಕೆ ಸಾರ್ಥಕ ಅನ್ನಿಸುವುದು. ಜಪಾನಿನ ಕಂಪನಿಗಳ ನೇಮಕಾತಿ ಜಾಹೀರಾತಿನಲ್ಲಿ ಈ ಎರಡು ಪದ ಧಾರಾಳವಾಗಿ ಸಿಗುತ್ತವೆ. ಅಂದರೆ ಕೆಲಸದಲ್ಲಿ ಸಿಗುವ ತೃಪ್ತಿಗೆ ಆ ಭಾಷೆಯಲ್ಲಿ ಬೇರೆ ಪದಗಳೇ ಇವೆ. ನಾಲ್ಕು ವೃತ್ತದ ಹಾಳೆ ಕೇಳುತ್ತಿರುವುದು ಹತರಕಿಗೈ. ಅದರ ತಲೆಬರಹದಲ್ಲಿ ಮಾತ್ರ ಇಕಿಗೈ ಎಂದಿದೆ.

(ಯಾರಿಗೈ ಪದಕ್ಕೂ ಒಂದು ಕಹಿ ಮುಖ ಇದೆ. ‘ಈ ಕೆಲಸದಲ್ಲಿ ಎಷ್ಟೊಂದು ಸಾರ್ಥಕತೆ ಇದೆ ನೋಡಿ’ ಅನ್ನುತ್ತಲೇ ಕಡಿಮೆ ಸಂಬಳಕ್ಕೆ ಜಾಸ್ತಿ ಹೊತ್ತು ದುಡಿಸಿಕೊಳ್ಳುವುದನ್ನು ಅಲ್ಲಿ ‘ಯಾರಿಗೈ ಸಕುಶು’ ಅನ್ನುತ್ತಾರೆ, ಅಂದರೆ ಯಾರಿಗೈ ಹೆಸರಲ್ಲಿ ನಡೆಯುವ ಶೋಷಣೆ. ಸಮಾಜಶಾಸ್ತ್ರಜ್ಞೆ ಹೋಂಡಾ ಯುಕಿ ಬಳಕೆಗೆ ತಂದ ಮಾತು. ಬದುಕಿನ ಅರ್ಥವನ್ನು ನೌಕರಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಅನ್ನೋದು ಜಪಾನಿನವರಿಗೆ ಚೆನ್ನಾಗಿ ಗೊತ್ತು.)

ಇನ್ನು, ಇಕಿಗೈಗೆ ‘ಕೆಲಸ’ ಅನ್ನುವುದಕ್ಕಿಂತ ‘ಬದುಕೋಕೆ ಕಾರಣ’ ಅನ್ನೋ ಅರ್ಥ ಯಾಕೆ ಹೆಚ್ಚು ಸರಿ? ಇದಕ್ಕೆ ಉತ್ತರ ಸಿಗುವುದು ಒಂದು ಕುಷ್ಠರೋಗಿಗಳ ದ್ವೀಪದಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಇಕಿಗೈ ಬಗ್ಗೆ ಆಳವಾಗಿ ಯೋಚಿಸಿದವರಲ್ಲಿ ಮೊದಲು ನೆನಪಾಗುವ ಹೆಸರು ಕಾಮಿಯಾ ಮಿಯೆಕೊ. 1914ರಲ್ಲಿ ಹುಟ್ಟಿದವರು, ಮನೋವೈದ್ಯೆ. ಕಾಲೇಜಿನಲ್ಲಿದ್ದಾಗ ಒಂದು ದಿನ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಸೋದರಮಾವ ನಡೆಸುತ್ತಿದ್ದ ಪ್ರಾರ್ಥನೆಗೆ ಆರ್ಗನ್ ನುಡಿಸಲು ಹೋದರು. ಅವತ್ತು ಕಂಡದ್ದು ಅವರ ಮನಸ್ಸಿಂದ ಹೋಗಲಿಲ್ಲ. ಡಾಕ್ಟರ್ ಆಗಿ ಇವರ ಜೊತೆ ಇರಬೇಕು ಅನ್ನಿಸಿತು. ಅಷ್ಟರಲ್ಲಿ ಅವರಿಗೇ ಕ್ಷಯ ಬಂತು. ಆ ಕಾಲಕ್ಕೆ ಕ್ಷಯ ಅಂದರೆ ಬಹುಮಟ್ಟಿಗೆ ಸಾವು. ಬದುಕಿ ಉಳಿದರು, ವೈದ್ಯಕೀಯ ಓದಿದರು, ಮದುವೆಯಾಯಿತು, ಮಕ್ಕಳಾದವು. 1957ರಿಂದ ಒಕಯಾಮಾ ಪ್ರಾಂತ್ಯದ ನಾಗಶಿಮಾ ದ್ವೀಪದಲ್ಲಿರುವ ಐಸೇಯೆನ್ ಎಂಬ ಸರ್ಕಾರಿ ಕುಷ್ಠರೋಗ ಕೇಂದ್ರಕ್ಕೆ ಹೋಗಿ ಬರುತ್ತಾ ರೋಗಿಗಳ ಮನಸ್ಸನ್ನು ಅಧ್ಯಯನ ಮಾಡತೊಡಗಿದರು. 1966ರಲ್ಲಿ ‘ಇಕಿಗೈ ನಿ ತ್ಸುಯಿತೆ’, ಅಂದರೆ ‘ಇಕಿಗೈ ಕುರಿತು’ ಎಂಬ ಪುಸ್ತಕ ಬಂತು.

ಆ ಜಾಗ ಎಂಥದ್ದು ಅಂತ ತಿಳಿದರೆ ಮಾತ್ರ ಅವರ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಐಸೇಯೆನ್ ಶುರುವಾದದ್ದು 1930ರಲ್ಲಿ. ಕುಷ್ಠರೋಗ ಇದೆ ಅಂತ ಗೊತ್ತಾದವರನ್ನು ಮನೆಯಿಂದ ಕರೆತಂದು ಅಲ್ಲಿ ಇಡುತ್ತಿದ್ದರು. ಮನೆಯವರಿಗೆ ಕಳಂಕ ಬರಬಾರದು ಅಂತ ಎಷ್ಟೋ ಜನ ಹೆಸರನ್ನೇ ಬದಲಿಸಿಕೊಂಡರು. ಯುದ್ಧದ ನಂತರ ರೋಗ ಗುಣಪಡಿಸುವ ಔಷಧಿ ಬಂತು, ಆದರೂ ಅವರನ್ನು ಬೇರೆಯಾಗಿಡುವ ಕಾನೂನು 1996ರ ತನಕ ಇತ್ತು. ದ್ವೀಪಕ್ಕೂ ನೆಲಕ್ಕೂ ನಡುವೆ ಇದ್ದದ್ದು ಕಿರಿದಾದ ಒಂದು ಜಲಸಂಧಿ. ಅದಕ್ಕೆ ಸೇತುವೆ ಕಟ್ಟಲು 1988 ಆಗಬೇಕಾಯಿತು. ಒಳಗೆ ರೋಗಿಗಳೇ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು, ಬಟ್ಟೆ ಒಗೆಯುವುದು, ತೋಟದ ಕೆಲಸ ಮಾಡುವುದು ಇತ್ತು. ಅದಕ್ಕೆ ಸಿಗುತ್ತಿದ್ದದ್ದು ಪುಡಿಗಾಸು. ವೃತ್ತಿ, ಬಡ್ತಿ, ನಾಳೆ ಬೇರೆ ಊರಿಗೆ ಹೋಗುವ ದಾರಿ, ಯಾವುದೂ ಇರಲಿಲ್ಲ. ಮದುವೆ ಮಾಡಿಕೊಳ್ಳಬಹುದಿತ್ತು, ಮಕ್ಕಳನ್ನು ಹೆರುವ ಹಾಗಿರಲಿಲ್ಲ.

ಇಂಥವರ ಕೈಗೆ ನಾಲ್ಕು ವೃತ್ತದ ಹಾಳೆ ಕೊಟ್ಟರೆ ಏನಾಗುತ್ತದೆ ಯೋಚಿಸಿ. ದುಡ್ಡಿನ ವೃತ್ತ ಖಾಲಿ. ಜಗತ್ತಿಗೆ ಬೇಕಾದದ್ದು ಎಂಬ ವೃತ್ತವಂತೂ ಕ್ರೂರವಾಗಿಬಿಡುತ್ತದೆ, ಯಾಕೆಂದರೆ ನೀವು ನಮಗೆ ಬೇಡ ಅಂತ ಜಗತ್ತೇ ಕಾನೂನು ಮಾಡಿ ಹೇಳಿಬಿಟ್ಟಿತ್ತು. ಆ ಲೆಕ್ಕದಲ್ಲಿ ಅಲ್ಲಿ ಯಾರಿಗೂ ಇಕಿಗೈ ಇರಬಾರದು.

ಆದರೆ ಕಾಮಿಯಾ ಕಂಡದ್ದು ಬೇರೆ. ಅಲ್ಲಿ ಎಷ್ಟೋ ಜನ ನಿಜಕ್ಕೂ ಬರಿದಾಗಿದ್ದರು. ನಾಳೆ ಅನ್ನುವುದೇ ಇಲ್ಲ, ಹೊತ್ತು ಹೋಗುವುದಿಲ್ಲ, ಸುಮ್ನೆ ದಿನ ದೂಡುತ್ತಿದ್ದೇವೆ ಅನ್ನುವವರು. ಅವರಲ್ಲಿ ರೋಗದ ಲಕ್ಷಣ ಕಡಿಮೆ ಇದ್ದವರೂ, ಕೈಕಾಲು ಗಟ್ಟಿ ಇದ್ದವರೂ ಇದ್ದರು. ಅದೇ ದ್ವೀಪದಲ್ಲಿ, ಅದೇ ಕಟ್ಟಡಗಳಲ್ಲಿ, ಅವರಿಗಿಂತ ಜಾಸ್ತಿ ಕಷ್ಟದಲ್ಲಿದ್ದ ಕೆಲವರ ಮುಖದಲ್ಲಿ ಬೆಳಕಿತ್ತು. ರೋಗದಿಂದ ಕಣ್ಣೂ ಹೋಗಿ, ಬೆರಳಿನ ಸ್ಪರ್ಶವೂ ಹೋದವರಿಗೆ ಬ್ರೈಲ್ ಓದಲು ಆಗುವುದಿಲ್ಲ. ಜಪಾನಿನ ಕುಷ್ಠರೋಗ ಕೇಂದ್ರಗಳಲ್ಲಿ ಅಂಥ ಕೆಲವರು ನಾಲಿಗೆಯಿಂದ ಚುಕ್ಕಿಗಳನ್ನು ಮುಟ್ಟಿ ಓದುವುದನ್ನು ಕಲಿತರು. ಐಸೇಯೆನ್‌ನಲ್ಲಿ ಕಣ್ಣು ಕಳೆದುಕೊಂಡವರು 1953ರಲ್ಲಿ ಹಾರ್ಮೋನಿಕಾ ತಂಡ ಕಟ್ಟಿದರು. ‘ನೀಲಿ ಹಕ್ಕಿ’ ಎಂದು ಅದರ ಹೆಸರು. ಹಾಯ್ಕು, ತಾಂಕಾ ಕವಿತೆ ಬರೆಯುವವರಿದ್ದರು. ಇವರಲ್ಲಿ ಯಾರೂ ಸಂಬಳಕ್ಕಾಗಿ ಇದನ್ನು ಮಾಡಲಿಲ್ಲ. ಅವರಿಗೆ ಬೆಳಗ್ಗೆ ಏಳಲು ಒಂದು ಕಾರಣ ಇತ್ತು.

ಒಂದೇ ಪರಿಸ್ಥಿತಿಯಲ್ಲಿರುವ ಇಬ್ಬರಲ್ಲಿ ಒಬ್ಬರಿಗೆ ಬದುಕು ಸಾರ್ಥಕ ಅನ್ನಿಸಿ ಇನ್ನೊಬ್ಬರಿಗೆ ಅನ್ನಿಸದಿರುವುದು ಯಾಕೆ? ಈ ಪ್ರಶ್ನೆಯೇ ಕಾಮಿಯಾ ಅವರನ್ನು ಪುಸ್ತಕ ಬರೆಯುವಂತೆ ಮಾಡಿದ್ದು. ಅವರು ಮೊದಲು ಮಾಡಿದ ಕೆಲಸ ಪದವನ್ನು ಎರಡಾಗಿ ಬಿಡಿಸಿದ್ದು. ‘ಈ ಮಗುವೇ ನನ್ನ ಇಕಿಗೈ’ ಅಂದಾಗ ಇಕಿಗೈ ಅನ್ನುವುದು ಹೊರಗೆ ಇರುವ ಒಂದು ವಸ್ತು ಅಥವಾ ವ್ಯಕ್ತಿ. ಅದರಿಂದ ಮನಸ್ಸಿನೊಳಗೆ ಏಳುವ ಭಾವ ಇನ್ನೊಂದು. ಅದನ್ನು ಅವರು ‘ಇಕಿಗೈಕಾನ್’ ಎಂದರು, ಇಕಿಗೈಯ ಅನುಭವ ಅಂತ. ಜಪಾನಿನವರು ‘ಇಕಿಗೈ ಅನ್ನಿಸುತ್ತದೆ’ ಎಂದೂ ಹೇಳುತ್ತಾರೆ, ‘ಇಕಿಗೈ ಕಳೆದುಕೊಂಡೆ’ ಎಂದೂ ಹೇಳುತ್ತಾರೆ. ಅಂದರೆ ಅದು ಬರುತ್ತದೆ, ಹೋಗುತ್ತದೆ, ಬೇರೆ ರೂಪದಲ್ಲಿ ಮತ್ತೆ ಬರುತ್ತದೆ. ಕಾಮಿಯಾ ಪುಸ್ತಕದಲ್ಲಿ ದೊಡ್ಡ ಭಾಗ ಇದಕ್ಕೇ ಮೀಸಲು: ಇಕಿಗೈ ಕಳೆದುಕೊಂಡವರ ಮನಸ್ಸು ಹೇಗಿರುತ್ತದೆ, ಹೊಸದು ಹೇಗೆ ಹುಟ್ಟುತ್ತದೆ. ಹಾಳೆ ತುಂಬಿಸಿ ಒಂದೇ ಸಲ ಕಂಡುಹಿಡಿದು ಮುಗಿಸುವಂಥ ಉತ್ತರ ಇದಲ್ಲ.

ಫ್ರೆಂಚ್ ಚೆನ್ನಾಗಿ ಬಲ್ಲ ಕಾಮಿಯಾ, ಇಕಿಗೈಗೆ ಹತ್ತಿರದ ಮಾತು ಹುಡುಕುತ್ತಾ ಹೋದದ್ದು ‘ಬದುಕಲು ಕಾರಣ’ ಎಂಬ ಅರ್ಥದ ಫ್ರೆಂಚ್ ನುಡಿಗೆ. ‘ಇರುವುದಕ್ಕೆ ಕಾರಣ’ ಎಂಬ ಇನ್ನೊಂದು ಫ್ರೆಂಚ್ ನುಡಿಗಿಂತ ಇಕಿಗೈ ಪದದಲ್ಲಿ ದಿನದಿನದ ಬದುಕಿನ ವಾಸನೆ ಜಾಸ್ತಿ ಎಂದರು. ನನಗೆ ಅವರ ಈ ಮಾತು ತುಂಬ ಮುಖ್ಯ. ‘ಬದುಕೋಕೆ ಕಾರಣ’ ಅಂದಕೂಡಲೇ ನಮಗೆ ಏನೋ ದೊಡ್ಡ ತತ್ವ ಬೇಕು ಅನ್ನಿಸಿಬಿಡುತ್ತದೆ. ಇಕಿಗೈಗೆ ಅಷ್ಟು ಎತ್ತರ ಬೇಕಿಲ್ಲ. ಬೆಳಗ್ಗೆ ಗಿಡಕ್ಕೆ ಹಾಕುವ ನೀರಿನಷ್ಟು ಚಿಕ್ಕದೂ ಇರಬಹುದು, ಒಂದು ಜೀವಮಾನದ ಕೆಲಸದಷ್ಟು ದೊಡ್ಡದೂ ಇರಬಹುದು.

ಒಂದು ಮಾತನ್ನು ಮುಚ್ಚಿಡಬಾರದು. ಕಾಮಿಯಾ ಗುರಿಯನ್ನು ತಳ್ಳಿಹಾಕಲಿಲ್ಲ. ‘ನಾನು ಇದಕ್ಕಾಗಿಯೇ ಇದ್ದೇನೆ’ ಎಂಬ ಭಾವ ಇರುವವರಿಗೆ ಇಕಿಗೈ ತುಂಬ ಗಟ್ಟಿಯಾಗಿರುತ್ತದೆ ಎಂದೇ ಬರೆದರು. ಆದರೆ ಅವರು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಸಾಲಿನಲ್ಲಿ ಮೊದಲು ಇಟ್ಟದ್ದು, ನಾನು ಇರುವುದು ಯಾರಿಗಾದರೂ, ಯಾವುದಕ್ಕಾದರೂ ಬೇಕಾಗಿದೆಯಾ ಎಂಬುದನ್ನು. ಈ ‘ಯಾರಿಗಾದರೂ’ ಅನ್ನುವುದು ಇಡೀ ಜಗತ್ತು ಆಗಬೇಕಿಲ್ಲ. ಪಕ್ಕದ ಹಾಸಿಗೆಯ ರೋಗಿ ಸಾಕು.

ಹಾಗಾದರೆ ಜಪಾನಿನಲ್ಲಿ ಯಾರಿಗೂ ಕೆಲಸ ಇಕಿಗೈ ಅಲ್ಲವಾ? ಇದೆ. ಯುದ್ಧದ ನಂತರ ದೇಶ ಬೆಳೆಯುತ್ತಿದ್ದ ದಶಕಗಳಲ್ಲಿ ಕಂಪನಿಯನ್ನೇ ಇಕಿಗೈ ಮಾಡಿಕೊಂಡ ಗಂಡಸರು ಬೇಕಾದಷ್ಟು ಜನ ಇದ್ದರು. ಮಾನವಶಾಸ್ತ್ರಜ್ಞ ಗಾರ್ಡನ್ ಮ್ಯಾಥ್ಯೂಸ್ ಜಪಾನಿನವರನ್ನು ಮಾತಾಡಿಸಿದಾಗ ಕೆಲವರು ಕಂಪನಿ ಅಂದರು, ಕೆಲವರು ಸಂಸಾರ, ಇನ್ನು ಕೆಲವರು ಧರ್ಮ, ಕಲೆ ಅಂದರು. 2010ರಲ್ಲಿ ಅಲ್ಲಿನ ಒಂದು ಸಮೀಕ್ಷಾ ಸಂಸ್ಥೆ 2,000 ಜನರನ್ನು ಕೇಳಿದಾಗ ಕೆಲಸವೇ ನನ್ನ ಇಕಿಗೈ ಎಂದವರು 31 ಶೇಕಡ ಮಾತ್ರ. ಮೂವರಲ್ಲಿ ಒಬ್ಬರಿಗೂ ಸ್ವಲ್ಪ ಕಡಿಮೆ. ಕೆಲಸ ಇಕಿಗೈ ಆಗಬಹುದು, ಆಗಲೇಬೇಕು ಅಂತಿಲ್ಲ. ಕಂಪನಿಯೊಂದೇ ಇಕಿಗೈ ಆದವರಿಗೆ ನಿವೃತ್ತಿಯ ಮರುದಿನ ಏನು ಉಳಿಯುತ್ತದೆ ಅನ್ನೋದು ಆ ದೇಶದಲ್ಲಿ ಬಹಳ ಚರ್ಚೆಯಾದ ನೋವು.

ಸಂಶೋಧಕರು ಇಕಿಗೈ ಅಳೆಯುವಾಗ ಏನು ಕೇಳುತ್ತಾರೆ ಅನ್ನುವುದನ್ನೂ ನೋಡಿ. 2012ರಲ್ಲಿ ಜಪಾನಿನಲ್ಲಿ ‘ಇಕಿಗೈ-9’ ಎಂಬ ಒಂಬತ್ತು ಸಾಲುಗಳ ಪ್ರಶ್ನಾವಳಿ ಬಂತು. ಆಗಾಗ ಸಂತೋಷ ಅನ್ನಿಸುತ್ತದಾ, ಮನಸ್ಸಿನಲ್ಲಿ ಒಂದಿಷ್ಟು ಬಿಡುವು ಇದೆಯಾ, ಹೊಸತು ಕಲಿಯುವ ಆಸೆ ಇದೆಯಾ, ನಾನು ಯಾರಿಗೋ ಬೇಕಾಗಿದ್ದೇನೆ ಅನ್ನಿಸುತ್ತದಾ ಎಂಬಂಥವು ಅದರಲ್ಲಿವೆ. ಸಂಬಳದ ಸುದ್ದಿಯೇ ಇಲ್ಲ. ನೌಕರಿಯ ಸುದ್ದಿಯೂ ಇಲ್ಲ.

ಇಕಿಗೈ ಇದ್ದರೆ ಹೆಚ್ಚು ದಿನ ಬದುಕುತ್ತಾರೆ ಎಂದೂ ನಿಮಗೆ ತರಬೇತಿಯಲ್ಲಿ ಹೇಳಿರಬಹುದು. ಆ ಮಾತಿನ ಹಿಂದೆ ಒಂದು ಒಳ್ಳೆಯ ಅಧ್ಯಯನ ಇದೆ. ಮಿಯಾಗಿ ಪ್ರಾಂತ್ಯದ ಓಸಾಕಿಯಲ್ಲಿ 40ರಿಂದ 79 ವರ್ಷದ 43,391 ಜನರನ್ನು ಕೇಳಿದ ಪ್ರಶ್ನೆ ಒಂದೇ: ನಿಮಗೆ ಇಕಿಗೈ ಇದೆಯಾ? ಶೇಕಡ 59 ಜನ ಹೌದು ಅಂದರು. ಏಳು ವರ್ಷ ಗಮನಿಸಿದಾಗ, ಇಲ್ಲ ಎಂದವರಲ್ಲಿ ಸಾವಿನ ಅಪಾಯ ಹೌದು ಎಂದವರಿಗಿಂತ ಒಂದೂವರೆ ಪಟ್ಟು ಇತ್ತು. ಇದು 2008ರಲ್ಲಿ ಪ್ರಕಟವಾಯಿತು. ಆದರೆ ಹುಷಾರಾಗಿ ಓದಬೇಕು. ಇಲ್ಲ ಎಂದವರಲ್ಲಿ ಆರೋಗ್ಯ ಕೆಟ್ಟವರು, ಕೆಲಸವಿಲ್ಲದವರು, ಒಂಟಿಯಾಗಿದ್ದವರು ಮೊದಲೇ ಜಾಸ್ತಿ ಇದ್ದರು. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು ನಿಜ, ಆದರೂ ಇಕಿಗೈಯಿಂದಲೇ ಆಯುಷ್ಯ ಹೆಚ್ಚಿತು ಎಂದು ಇಂಥ ಅಧ್ಯಯನದಿಂದ ಹೇಳಲು ಬರುವುದಿಲ್ಲ. ಇನ್ನೊಂದು ವಿಷಯ ಗಮನಿಸಿ. ಆ ಜನರಿಗೆ ಇಕಿಗೈ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಲಿಲ್ಲ, ಯಾವ ವೃತ್ತವನ್ನೂ ತೋರಿಸಲಿಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದ ಅರ್ಥದಲ್ಲೇ ಉತ್ತರ ಕೊಟ್ಟರು.

ಈಗ ನಿಮ್ಮ ರೇಡಿಯೋ. ಕೆಲಸ ಬಿಡಬೇಕಾ ಅನ್ನುವ ಪ್ರಶ್ನೆಯನ್ನು ಇಕಿಗೈಯಿಂದ ಬೇರೆ ಮಾಡಿ ಇಡಿ. ಅದು ಹಣದ, ಸಂಸಾರದ, ಗಿರಾಕಿ ಸಿಗುತ್ತಾರಾ ಅನ್ನುವ ಲೆಕ್ಕ. ಅದನ್ನು ನೀವು ನನಗಿಂತ ಚೆನ್ನಾಗಿ ಹಾಕಬಲ್ಲಿರಿ. ನಾನು ಹೇಳಬಲ್ಲದ್ದು ಇಷ್ಟು: ಇಕಿಗೈ ಬೇಕು ಅನ್ನುವ ಒಂದೇ ಕಾರಣಕ್ಕೆ ಅಂಗಡಿ ಹಾಕಬೇಡಿ. ಸತ್ತ ರೇಡಿಯೋದಿಂದ ಮೊದಲ ಗೊರಗೊರ ಸದ್ದು ಬಂದಾಗ ನಿಮಗೆ ಆಗುವುದು ಇಕಿಗೈಕಾನ್. ಆ ರೇಡಿಯೋ ಇಕಿಗೈ. ಅದಕ್ಕೆ ಬಾಡಿಗೆ, ಬೋರ್ಡು, ‘ಎಷ್ಟು ಹೊತ್ತಿಗೆ ಆಗುತ್ತೆ’ ಅನ್ನುವ ಗಿರಾಕಿ ಎಲ್ಲ ಸೇರಿದರೆ ಅದು ಹತರಕಿಗೈಯ ಕ್ಷೇತ್ರಕ್ಕೆ ಬರುತ್ತದೆ. ಅಲ್ಲೂ ನಿಮಗೆ ಸುಖ ಸಿಗಬಹುದು, ಆದರೆ ಅದು ಬೇರೆ ಸುಖ.

ಆಫೀಸಿನ ಹಾಳೆಯನ್ನು ವಾಪಸ್ ಕೊಡಲೇಬೇಕು ಅಂತಿದ್ದರೆ, ತಲೆಬರಹದಲ್ಲಿರುವ ಇಕಿಗೈ ಹೊಡೆದುಹಾಕಿ ‘ಹತರಕಿಗೈ’ ಅಂತ ಬರೆಯಿರಿ. ಆಮೇಲೆ ನಿಮ್ಮ ಲೆಕ್ಕಪತ್ರದ ಕೆಲಸವನ್ನು ಮಾತ್ರ ಇಟ್ಟುಕೊಂಡು ತುಂಬಿಸಿ: ವರ್ಷದ ಕೊನೆಗೆ ಲೆಡ್ಜರ್ ಪೈಸೆ ಬಿಡದೆ ತಾಳೆ ಆದಾಗ ಹೇಗನ್ನಿಸುತ್ತದೆ, ನಿಮ್ಮ ಲೆಕ್ಕದಿಂದ ಯಾರಿಗೆ ಅನುಕೂಲ ಆಯ್ತು, ಯಾವ ಭಾಗ ಬರೀ ಬೇಸರ. ಅದಕ್ಕೆ ಖಂಡಿತ ಉತ್ತರ ಸಿಗುತ್ತದೆ. ರೇಡಿಯೋವನ್ನು ಆ ಹಾಳೆಗೆ ಸೇರಿಸಬೇಡಿ. ಜಪಾನಿನವರು ಯಾರಾದರೂ ಕೇಳಿದರೆ ಮಾತ್ರ ಹೇಳಿ: ‘ರಜಿಯೋ ನೋ ಶೂರಿ ಗಾ ಇಕಿಗೈ ದೆಸು.’ ರೇಡಿಯೋ ರಿಪೇರಿಯೇ ನನ್ನ ಇಕಿಗೈ ಅಂತ. ‘ಅದರಿಂದ ಎಷ್ಟು ಬರುತ್ತೆ?’ ಅಂತ ಅವರು ಕೇಳುವುದಿಲ್ಲ. ಯಾವ ಕಾಲದ ರೇಡಿಯೋ, ವಾಲ್ವಿನದ್ದಾ, ಟ್ರಾನ್ಸಿಸ್ಟರಾ ಅಂತ ಕೇಳುತ್ತಾರೆ.